ಎಲೆಮೇಷ್ಟ್ರು ಕಣ್ಣು ಹೊಡೆದರಂತೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಚಿಟಿಕೆ ಧೂಳು. ಕಾಲೇಜಿನ ಸಭಾಂಗಣದ ಫ್ಯಾನನ್ನು ಯಾರೂ ಒರೆಸಿದವರಲ್ಲ. ಅದರ ರೆಕ್ಕೆಯ ಮೇಲೆ ನೆಮ್ಮದಿಯಾಗಿ ಕೂತಿದ್ದ ಧೂಳು, ಸಸ್ಯಶಾಸ್ತ್ರದ ಮೇಷ್ಟ್ರು ಮಾತಾಡಲು ನಿಂತ ಹೊತ್ತನ್ನೇ ನೋಡಿ ಇಳಿದು, ನೇರ ಅವರ ಎಡಗಣ್ಣಿಗೆ ಬಿತ್ತು.

ಮೇಷ್ಟ್ರನ್ನು ಇಡೀ ಕಾಲೇಜು ಎಲೆಮೇಷ್ಟ್ರು ಎಂದೇ ಕರೆಯುತ್ತಿತ್ತು. ದಾರಿಯಲ್ಲಿ ಬಿದ್ದ ಎಲೆಯನ್ನೂ ಎತ್ತಿ ತಿರುವಿ ನೋಡದೆ ಮುಂದೆ ಹೋಗುವ ಜೀವವಲ್ಲ ಅದು. ಯಾವುದಕ್ಕಾದರೂ ‘ಯಾಕೆ’ ಎಂಬ ಪ್ರಶ್ನೆ ಹುಟ್ಟಿಬಿಟ್ಟರೆ, ಉತ್ತರ ಸಿಗುವವರೆಗೆ ಅವರಿಗೆ ಊಟ ರುಚಿಸುತ್ತಿರಲಿಲ್ಲ.

ಮರುದಿನದಿಂದ ಕೊನೆಯ ವರ್ಷದವರಿಗೆ ಓದುವ ರಜೆ. ಅದಾದ ಮೇಲೆ ವಿಶ್ವವಿದ್ಯಾಲಯದ ಪರೀಕ್ಷೆ. “ಪ್ರಾಮಾಣಿಕ ತಯಾರಿ ಬಗ್ಗೆ ಎರಡು ಮಾತು ಹೇಳಿಬಿಡಿ. ಚಿಕ್ಕದಾಗಿರಲಿ, ಮಕ್ಕಳು ನಿದ್ದೆ ಮಾಡ್ಬಾರದು” ಎಂದಿದ್ದರು ಪ್ರಿನ್ಸಿಪಾಲರು.

ಮೇಷ್ಟ್ರು ಚಿಕ್ಕದಾಗಿಯೇ ಹೇಳಿದರು.

“ಓದಿದ್ದು ತಲೇಲಿದೆಯೋ ಪುಸ್ತಕದಲ್ಲೇ ಇದೆಯೋ ಅಂತ ಗೊತ್ತಾಗೋದು ಪುಸ್ತಕ ಮುಚ್ಚಿದ ಮೇಲೆ. ಗೆರೆ ಎಳೆದ ಪುಟವನ್ನ ಮತ್ತೆ ಮತ್ತೆ ನೋಡಿದ್ರೆ ಅದು ಪರಿಚಯ ಆಗತ್ತೆ ಅಷ್ಟೆ. ಪರಿಚಯ ಬೇರೆ, ನೆನಪು ಬೇರೆ. ಬಸ್ಸಲ್ಲಿ ದಿನಾ ನೋಡೋರ ಮುಖ ಗೊತ್ತಿರತ್ತೆ, ಹೆಸರು ಹೇಳಿ ಅಂದ್ರೆ ತೊದಲ್ತೀರಿ. ಅದಕ್ಕೇ ಒಂದು ಪಾಠ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆ ಮೇಲೆ ಬರೀರಿ. ಎಲ್ಲಿ ಪೆನ್ನು ನಿಲ್ಲತ್ತೋ ಅಲ್ಲಿಂದ ನಿಮ್ಮ ಓದು ಶುರು. ಎರಡು ದಿನ ಬಿಟ್ಟು ಅದನ್ನೇ ಮತ್ತೆ ಬರೀರಿ. ಅರ್ಧ ಮರೆತಿರ್ತೀರಿ, ಹೆದರಬೇಡಿ, ಮರೆತದ್ದನ್ನ ಎಳೆದು ತರೋದ್ರಲ್ಲೇ ನೆನಪು ಗಟ್ಟಿ ಆಗೋದು. ಹಳೇ ಪ್ರಶ್ನೆಪತ್ರಿಕೆ ಇಟ್ಕೊಂಡು ಗಡಿಯಾರ ನೋಡ್ಕೊಂಡು ಬರೀರಿ. ಆದ್ರೆ ಯಾವ ಪ್ರಶ್ನೆ ಬರತ್ತೆ ಅಂತ ಶಾಸ್ತ್ರ ಕೇಳೋಕೆ ಹೋಗಬೇಡಿ. ಉದಾಹರಣೆಗೆ, ಎತ್ತರದ ಮರದ ತುದಿಗೆ ನೀರು ಹೇಗೆ ಏರತ್ತೆ…”

ಇಲ್ಲಿಗೆ ಧೂಳು ಬಿತ್ತು. ಮೇಷ್ಟ್ರ ಎಡಗಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತು. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರು ಕೂಡ ಪೆನ್ನು ಹುಡುಕತೊಡಗಿದರು. ತಮ್ಮ ಮಾತು ಇಷ್ಟು ನಾಟಿತಲ್ಲ ಎಂದು ಮೇಷ್ಟ್ರು ಕಣ್ಣೊರೆಸಿಕೊಂಡು, ತೃಪ್ತಿಯಿಂದ ಇಳಿದು ಬಂದರು.

ಉಪನ್ಯಾಸಕರ ಕೋಣೆಯಲ್ಲಿ ರಸಾಯನಶಾಸ್ತ್ರದವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

“ಗುಟ್ಟು ಬಿಡಲಿಲ್ವಲ್ಲ ಮಾರಾಯರೇ. ಈ ಸಲ ಪ್ರಶ್ನೆಪತ್ರಿಕೆ ತೆಗೆಯೋರು ನೀವೇ ಅಂತೆ.”

“ಯಾರು ಹೇಳಿದ್ದು?”

“ನೀವೇ ಕಣ್ಣು ಹೊಡೆದ್ರಂತಲ್ಲ.”

“ಧೂಳು ಬಿದ್ದಿತ್ತು.”

“ಹೌದೌದು, ಧೂಳು” ಎಂದು ರಸಾಯನದವರು ತಾವೂ ಒಂದು ಕಣ್ಣು ಮುಚ್ಚಿ ತೆಗೆದರು.

ಮೇಷ್ಟ್ರಿಗೆ ಸಿಟ್ಟಿಗಿಂತ ಹೆಚ್ಚಾಗಿ ಕುತೂಹಲ ಬಂತು. ಒಂದು ಕಣ್ಣಿನ ರೆಪ್ಪೆಯಿಂದ ಹೊರಟ ಸುದ್ದಿ, ತಾವು ಮೆಟ್ಟಿಲಿಳಿದು ಬರುವಷ್ಟರಲ್ಲಿ ತಮಗಿಂತ ಮೊದಲೇ ಇಲ್ಲಿಗೆ ಹೇಗೆ ಮುಟ್ಟಿತು? ಬೇರಿನಿಂದ ತುದಿಗೆ ನೀರೂ ಇಷ್ಟು ಬೇಗ ಏರುವುದಿಲ್ಲ. ಸುದ್ದಿಯ ಜಾಡು ಹಿಡಿದು ಅವರು ಹೊರಬಿದ್ದರು.

ಮೆಟ್ಟಿಲ ಕೆಳಗೆ ವಿದ್ಯಾರ್ಥಿಗಳ ಗುಂಪು ಕೂತಿತ್ತು. ಎಲ್ಲರ ಪುಸ್ತಕವೂ ಮುಚ್ಚಿತ್ತು. ಎಲ್ಲರೂ ಖಾಲಿ ಹಾಳೆಯ ಮೇಲೆ ಬರೆಯುತ್ತಿದ್ದರು. ಒಂದು ಕ್ಷಣ ಮೇಷ್ಟ್ರ ಎದೆ ಉಬ್ಬಿತು. ಬಗ್ಗಿ ನೋಡಿದರೆ ಎಲ್ಲ ಹಾಳೆಯಲ್ಲೂ ಒಂದೇ ಪ್ರಶ್ನೆ: ಎತ್ತರದ ಮರದ ತುದಿಗೆ ನೀರು ಹೇಗೆ ಏರುತ್ತದೆ?

“ನೋಡ್ರಪ್ಪಾ” ಎಂದು ಮೇಷ್ಟ್ರು ಅಲ್ಲೇ ಮೆಟ್ಟಿಲ ಮೇಲೆ ಕೂತರು. “ನಾನು ಪತ್ರಿಕೆ ತೆಗೆಯೋನಲ್ಲ. ತೆಗೆಯೋನೇ ಆಗಿದ್ರೂ ಪ್ರಯೋಜನ ಇಲ್ಲ. ಬೇರೆ ಬೇರೆ ಊರಿನ ಕೆಲವರು, ಒಬ್ಬರಿಗೊಬ್ಬರಿಗೆ ಗೊತ್ತಿಲ್ಲದ ಹಾಗೆ, ಬೇರೆ ಬೇರೆ ಪತ್ರಿಕೆ ಬರೆದು ಲಕೋಟೆಗೆ ಮುದ್ರೆ ಹಾಕಿ ಕಳಿಸ್ತಾರೆ. ಪಠ್ಯದ ಎಲ್ಲಾ ಘಟಕದಿಂದಲೂ ಅಳತೆ ಪ್ರಕಾರ ಅಂಕ ಇರಬೇಕು. ಒಂದು ಮಂಡಳಿ ಅದನ್ನ ಪರಿಶೀಲಿಸಿ ತಿದ್ದತ್ತೆ. ಕೊನೆಗೆ ಯಾವ ಲಕೋಟೆ ಅಚ್ಚಿಗೆ ಹೋಯ್ತು ಅನ್ನೋದು ಬರೆದೋನಿಗೂ ಗೊತ್ತಿರಲ್ಲ. ಹಾಗಿರೋವಾಗ ಸುಳಿವು ಕೊಡೋದಾದ್ರೂ ಹೇಗೆ?”

ಮುಂದೆ ಕೂತಿದ್ದ ಹುಡುಗಿ, ಮೇಷ್ಟ್ರ ಎದುರು ಮನೆಯ ಅಜ್ಜನ ಮೊಮ್ಮಗಳು, ನಿಧಾನವಾಗಿ ಕೇಳಿದಳು: “ಸರ್, ಇಷ್ಟೆಲ್ಲ ಒಳಗಿನ ವಿಷಯ ನಿಮಗೆ ಹೇಗೆ ಗೊತ್ತು?”

“ಇದೇನಮ್ಮಾ, ಎಲ್ಲಾ ಮೇಷ್ಟ್ರಿಗೂ ಗೊತ್ತಿರತ್ತೆ.”

“ರಸಾಯನಶಾಸ್ತ್ರದ ಸರ್‌ನ ಕೇಳಿದ್ವಿ. ತಮಗೇನೂ ಗೊತ್ತಿಲ್ಲ ಅಂದ್ರು.”

ಹಿಂದಿನಿಂದ ಯಾರೋ ಪಿಸುಗುಟ್ಟಿದರು: “ಪತ್ರಿಕೆ ತೆಗೆಯೋರು ತಾವೇ ಅಂತ ಒಪ್ಕೊಳ್ಳೋ ಹಾಗಿಲ್ಲ ಕಣೇ. ಅಲ್ಲ ಅಂತಿದಾರೆ ಅಂದ್ರೇನೇ ಹೌದು.”

ಅಲ್ಲ ಎಂದರೆ ಹೌದು, ಹೌದು ಎಂದರಂತೂ ಹೌದು. ಕೆಸರಿಗೆ ಬಿದ್ದವನು ಕಾಲೆತ್ತಿದಷ್ಟೂ ಹೂತುಹೋಗುತ್ತಾನೆ ಎಂಬುದು ಸಸ್ಯಶಾಸ್ತ್ರದಲ್ಲಿಲ್ಲದ ಪಾಠ.

ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯ ಮುಂದೆ ಸಕ್ಕರೆಗೆ ಮುತ್ತಿದ ಇರುವೆಯ ಹಾಗೆ ಜನ. ಮೇಷ್ಟ್ರು ತೂರಿಕೊಂಡು ಒಳಗೆ ಹೋದರು. ಮೇಜಿನ ಮೇಲೆ ಬಿಸಿಬಿಸಿ ಹಾಳೆಗಳ ಕಟ್ಟು. ತಲೆಬರಹ: ‘ಎಲೆಮೇಷ್ಟ್ರು ಸ್ಪೆಷಲ್’. ಕೆಳಗೆ ಒಂದೇ ಪ್ರಶ್ನೆ, ಒಂದೇ ಉತ್ತರ.

“ಇದನ್ನ ನಿಲ್ಲಿಸಪ್ಪಾ” ಎಂದರು ಮೇಷ್ಟ್ರು.

“ನಿಲ್ಲಿಸ್ತೀನಿ ಸರ್. ನೀವು ಹೇಳಿದ ಮೇಲೆ ಎರಡು ಮಾತಿದ್ಯಾ. ಒಂದ್ಸಲ ನೋಡಿ, ನಿಮ್ಮ ಮರ್ಯಾದೆಗೆ ಕುಂದು ಬರೋ ಅಂಥದ್ದು ಏನೂ ಹಾಕಿಲ್ಲ.”

ನೋಡಬಾರದಿತ್ತು. ನೋಡಿದರು. ‘ಬೇರುಗಳು ಪಂಪಿನಂತೆ ನೀರನ್ನು ಮರದ ತುದಿಯವರೆಗೆ ತಳ್ಳುತ್ತವೆ’ ಎಂದಿತ್ತು. ಸುಳ್ಳು ಸುದ್ದಿಯನ್ನು ಹೇಗೋ ಸಹಿಸಬಹುದು, ತಪ್ಪು ಉತ್ತರವನ್ನು ಸಹಿಸುವುದು ಹೇಗೆ?

“ಬೇರಿನ ಒತ್ತಡ ಅಷ್ಟು ಎತ್ತರಕ್ಕೆ ಸಾಲಲ್ಲ ಕಣಯ್ಯಾ. ಎಲೆಯಿಂದ ನೀರು ಆವಿಯಾಗಿ ಹೋಗತ್ತಲ್ಲ, ಆ ಸೆಳೆತ ಮೇಲಿಂದ ಎಳೆಯೋದು. ನೀರಿನ ಕಣಗಳು ಒಂದನ್ನೊಂದು ಕೈಬಿಡಲ್ಲ, ಹಾಗಾಗಿ ಇಡೀ ಎಳೆ ಹಗ್ಗದ ಹಾಗೆ ಮೇಲಕ್ಕೆ ಬರತ್ತೆ. ನಡುವೆ ಗಾಳಿ ಗುಳ್ಳೆ ಸೇರಿದ್ರೆ ಎಳೆ ತುಂಡಾಗತ್ತೆ” ಎನ್ನುತ್ತ ಜೇಬಿನಿಂದ ಕೆಂಪು ಪೆನ್ನು ತೆಗೆದು, ಸಾಲನ್ನು ಹೊಡೆದು, ಅಂಚಿನಲ್ಲಿ ಸರಿಯಾದದ್ದನ್ನು ಬರೆದರು. ರೂಢಿಬಲ, ಕೆಳಗೆ ಸಣ್ಣ ಸಹಿಯೂ ಬಿತ್ತು.

ಅವರು ರಸ್ತೆ ದಾಟುವಷ್ಟರಲ್ಲಿ ಹಿಂದಿನಿಂದ ಅಂಗಡಿಯವನ ದನಿ ಕೇಳಿತು: “ಹಳೇದು ವಾಪಸ್ ಕೊಡಿ, ಸರ್ ಸ್ವತಃ ತಿದ್ದಿದ್ದು ಬಂದಿದೆ. ಸಹಿ ಸಮೇತ.”

ಪ್ರಿನ್ಸಿಪಾಲರ ಕೋಣೆಯಲ್ಲಿ ಆ ಸಹಿ ಸಮೇತದ ಹಾಳೆ ಮೇಷ್ಟ್ರಿಗಿಂತ ಮೊದಲೇ ಹಾಜರಿತ್ತು.

“ಪ್ರಾಮಾಣಿಕತೆ ಬಗ್ಗೆ ಮಾತಾಡಿ ಅಂದೆ” ಎಂದು ಪ್ರಿನ್ಸಿಪಾಲರು ಹಣೆ ಒತ್ತಿಕೊಂಡರು. “ಇದೇನ್ರೀ ಇದು?”

ಮೇಷ್ಟ್ರು ಧೂಳಿನಿಂದ ಹಿಡಿದು ಕೆಂಪು ಪೆನ್ನಿನವರೆಗೆ ಎಲ್ಲವನ್ನೂ ಹೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಇಷ್ಟೊಂದು ಸುಳ್ಳಾಗಿ ಕೇಳಿಸುತ್ತದೆ ಎಂದು ಅವರಿಗೆ ಆವತ್ತೇ ಗೊತ್ತಾದದ್ದು.

“ನಾನು ನಂಬ್ತೀನಿ. ಆದ್ರೆ ನಾನು ನಂಬಿದ್ರೆ ಸಾಲಲ್ಲ. ಪರೀಕ್ಷಾ ವಿಭಾಗಕ್ಕೇ ಫೋನ್ ಮಾಡಿ ಇದು ಬರೀ ಗಾಳಿಸುದ್ದಿ ಅಂತ ತಿಳಿಸಿಬಿಡ್ತೀನಿ. ನೀವು ಮನೆಗೆ ಹೋಗಿ. ದಯವಿಟ್ಟು ದಾರೀಲಿ ಏನನ್ನೂ ತಿದ್ದಬೇಡಿ.”

ಮನೆಯ ಬಾಗಿಲಲ್ಲಿ ಎದುರು ಮನೆಯ ಅಜ್ಜ ಕೂತಿದ್ದರು. ವರ್ಷಗಟ್ಟಲೆ ಅಂಚೆ ಕಚೇರಿಯಲ್ಲಿದ್ದ ಮನುಷ್ಯ, ಲಕೋಟೆ ಎಂದರೆ ಇಂದಿಗೂ ಕಿವಿ ನಿಮಿರುತ್ತಿತ್ತು. ಕೈಯಲ್ಲಿ ಹಣ್ಣಿನ ಚೀಲ.

“ನಾನೇನೂ ಕೇಳೋಕೆ ಬಂದಿಲ್ಲ. ಮೊಮ್ಮಗಳು ಎರಡನೇ ಘಟಕ ಓದಲಾ, ನಾಲ್ಕನೇದು ಓದಲಾ ಅಂತಿದ್ಲು. ನೀವು ಬಾಯಿ ಬಿಡೋದು ಬೇಡ. ಎರಡನೇದಾದ್ರೆ ಕೆಮ್ಮಿ.”

“ಎಲ್ಲಾ ಓದಲಿ ಅಜ್ಜಾ” ಎಂದರು ಮೇಷ್ಟ್ರು. ದಿನವಿಡೀ ಮಾತಾಡಿ ಗಂಟಲು ಒಣಗಿತ್ತು. ಕೆಮ್ಮು ಬಂತು.

ಅಜ್ಜ ಹಣ್ಣನ್ನು ಅಲ್ಲೇ ಇಟ್ಟು, ವಯಸ್ಸಿಗೆ ಮೀರಿದ ವೇಗದಲ್ಲಿ ರಸ್ತೆ ದಾಟಿದರು. ಕೂಗಿ ಕರೆದರೂ ತಿರುಗಲಿಲ್ಲ. ಮೇಷ್ಟ್ರು ಚೀಲವನ್ನು ಹೊತ್ತುಕೊಂಡು ಹಿಂದೆಯೇ ಹೋಗಿ, ಅವರ ಬಾಗಿಲಲ್ಲಿಟ್ಟು ಬಂದರು. ಅದನ್ನು ಎರಡು ಮನೆಯ ಕಿಟಕಿಗಳು ನೋಡಿದವು. ಮೇಷ್ಟ್ರೇ ಅಜ್ಜನ ಮನೆಗೆ ಏನೋ ಚೀಲದಲ್ಲಿ ಮುಟ್ಟಿಸಿದರಂತೆ ಎಂದು ಇನ್ನೊಂದು ಸುದ್ದಿ ಹೊರಟಿತು.

“ರೀ” ಎಂದರು ಹೆಂಡತಿ, ಕಾಫಿ ಲೋಟ ಇಟ್ಟು, ದನಿ ತಗ್ಗಿಸಿ. “ನನ್ನ ಹತ್ರಾದ್ರೂ ಹೇಳಿ. ನೀವೇನಾ?”

“ನಾನಲ್ಲ ಕಣೇ.”

“ಅಲ್ಲ ಅಂದ್ರೆ ಸರಿ. ಇಷ್ಟು ವರ್ಷದಲ್ಲಿ ನೀವು ಒಂದು ಸುಳ್ಳು ಹೇಳಿದ್ದು ಕಂಡಿಲ್ಲ” ಎಂದು ಆಕೆ ಒಳಗೆ ಹೋದರು.

ಬೆಳಗಿನಿಂದ ಮೊದಲ ಬಾರಿಗೆ ಯಾರೋ ಒಬ್ಬರು ‘ಆದ್ರೆ’ ಸೇರಿಸದೆ ನಂಬಿದ್ದರು. ಮೇಷ್ಟ್ರು ಹಾಯಾಗಿ ಕಾಲು ಚಾಚಿ, ಲೋಟ ತುಟಿಗಿಟ್ಟರು. ಫೋನ್ ಬಂತು. ಪರೀಕ್ಷಾ ವಿಭಾಗದ ಮುಖ್ಯಸ್ಥರು.

“ನಿಮ್ಮ ಪ್ರಿನ್ಸಿಪಾಲರು ಎಲ್ಲಾ ಹೇಳಿದ್ರು. ಗಾಬರಿ ಬೇಡ. ಪತ್ರಿಕೆ ತೆಗೆಯೋರ ಪಟ್ಟಿ ನಮ್ಮ ಹತ್ರಾನೇ ಇದೆ, ಅದ್ರಲ್ಲಿ ನಿಮ್ಮ ಹೆಸರಿಲ್ಲ.”

“ಅಬ್ಬಾ. ಇದನ್ನೇ ಒಂದು ಕಾಗದದಲ್ಲಿ ಬರೆದುಕೊಟ್ಟರೆ ಉಪಕಾರ ಆಗ್ತಿತ್ತು ಸರ್.”

“ಅದೇ ಆಗಲ್ಲ. ಬೆಳಗ್ಗೆ ಆ ಪಟ್ಟಿಯಿಂದ ಒಬ್ಬರು ಬಿಟ್ಟುಹೋದ್ರು. ಅವರ ತಂಗಿ ಮಗ ಈ ಸಲ ಪರೀಕ್ಷೆ ಬರೀತಿದಾನಂತೆ. ಹತ್ತಿರದ ಸಂಬಂಧಿಕರಿದ್ರೆ ಪತ್ರಿಕೆ ತೆಗೆಯೋ ಹಾಗಿಲ್ಲ, ನಿಯಮ. ಒಂದು ಪತ್ರಿಕೆ ಕಡಿಮೆ ಬಿತ್ತು. ಯಾರಪ್ಪಾ ಅಂತ ತಲೆ ಕೆರ್ಕೊಳ್ತಿದ್ದಾಗ ನಿಮ್ಮ ಹೆಸರು ಕಿವಿಗೆ ಬಿತ್ತು. ನಿಮ್ಮ ಕಡೆಯೋರು ಯಾರಾದ್ರೂ ಬರೀತಿದಾರಾ?”

“ಇಲ್ಲ” ಎಂದರು ಮೇಷ್ಟ್ರು, ಅಭ್ಯಾಸಬಲದಿಂದ ನಿಜವನ್ನೇ.

“ಹಾಗಾದ್ರೆ ನೀವೇ. ಆದೇಶ ಕಳಿಸ್ತೀನಿ.”

“ಸರ್, ಇಡೀ ಊರು ನಾನೇ ಅಂತಿದೆ. ಆ ನೀರಿನ ಪ್ರಶ್ನೆ ಹಾಕಿದ್ರೆ ಸುಳಿವು ಕೊಟ್ಟೆ ಅಂತಾರೆ, ಬಿಟ್ರೆ ಮೋಸ ಮಾಡಿದೆ ಅಂತಾರೆ.”

“ಅದು ನಿಮ್ಮ ವಿವೇಚನೆ. ಅಚ್ಚಿಗೆ ಹೋಗೋದು ನಿಮ್ಮದೇ ಅಂತ ಏನೂ ಇಲ್ಲವಲ್ಲ. ಇಡೀ ದಿನ ನೀವು ಅಲ್ಲ ಅಲ್ಲ ಅಂತ ಸಾರಿದೀರಿ, ಅದು ಒಳ್ಳೇದೇ ಆಯ್ತು. ಇದು ನಿಮ್ಮ ಮನೆಯೋರಿಗೂ ಗೊತ್ತಾಗಬಾರದು. ನಮಸ್ಕಾರ.”

ಕಾಫಿ ಆರಿತ್ತು. ಹೊರಗೆ ಗೇಟು ಕಿರ್ರೆಂದಿತು. ಬೆಳಗಿನ ಗುಂಪೇ ಬಂದಿತ್ತು, ಮುಂದೆ ಮೊಮ್ಮಗಳು, ಹಿಂದೆ ಅಜ್ಜ. ಎಲ್ಲರ ಮುಖದಲ್ಲೂ ಪಶ್ಚಾತ್ತಾಪ.

“ಸರ್, ನಾವು ಮಾತಾಡ್ಕೊಂಡ್ವಿ” ಎಂದಳು ಹುಡುಗಿ. “ಮೂರು ವರ್ಷದಲ್ಲಿ ನೀವು ನಮಗೆ ಒಂದು ಸುಳ್ಳೂ ಹೇಳಿಲ್ಲ. ನಿಮ್ಮ ಮಾತು ನಂಬದೆ ತಪ್ಪು ಮಾಡಿದ್ವಿ. ಕೊನೇದಾಗಿ ಒಂದ್ಸಲ ನೀವಲ್ಲ ಅಂದುಬಿಡಿ. ಈ ಹಾಳೆಗಳನ್ನೆಲ್ಲ ಹರಿದುಹಾಕಿ, ನಾಳೆಯಿಂದ ಎಲ್ಲಾ ಘಟಕಾನೂ ನೀವು ಹೇಳಿದ ಹಾಗೇ ಓದ್ತೀವಿ.”

ಒಳಗಿನಿಂದ ಹೆಂಡತಿ ಬಂದು ಬಾಗಿಲಿಗೆ ಒರಗಿ ನಿಂತರು. “ಹೇಳಿಬಿಡ್ರೀ. ಬೆಳಗ್ಗಿಂದ ಅದನ್ನೇ ತಾನೇ ಹೇಳ್ತಿದ್ದದ್ದು.”

ಮೇಷ್ಟ್ರು ಬಾಯಿ ತೆರೆದರು. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಮತ್ತೆ ಮುಚ್ಚಿದರು. ಹುಡುಗಿಯನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಕೊನೆಗೆ ನೆಲವನ್ನು ನೋಡಿದರು.

ಅಜ್ಜ ಮೊಮ್ಮಗಳ ಭುಜ ತಟ್ಟಿದರು.

“ಅಂಗಡಿ ಇನ್ನೂ ತೆಗೆದಿರತ್ತೆ, ಹೋಗು” ಎಂದರು. “ಸಹಿ ಇರೋದೇ ತಗೋ.”