ಗಂಗಾಧರಸ್ವಾಮಿಯವರ ಮೀಸೆಗೆ ಆಕ್ಷೇಪಣೆ ಎತ್ತಿರುವ ನನ್ನ ಗೆಳತಿಗೆ

ತಾಂಡ್ಯದ ಕಾರ್ಖಾನೆಯ ನಿವೃತ್ತ ಮೇಲ್ವಿಚಾರಕರೂ, ಬಂದ ಗಂಡುಗಳಿಗೆಲ್ಲ ಒಂದೊಂದು ಕುಂದು ಹುಡುಕಿ ಮದುವೆಯಿಂದ ಪಾರಾದ ಜಾಣೆಯೂ, ಹೈಸ್ಕೂಲಿನ ಬೆಂಚಿನಿಂದ ಇಂದಿನವರೆಗೆ ನನ್ನ ಸಮಸ್ತ ವಿಷಯಗಳ ಖಾಯಂ ಉಸ್ತುವಾರಿ ಅಧಿಕಾರಿಗಳೂ ಆದ ಸರ್ವಮಂಗಳಾ ಅವರ ಸನ್ನಿಧಾನಕ್ಕೆ, ನಂಜನಗೂಡಿನ ಅದೇ ಬೀದಿಯ ಎದುರುಮನೆಯಿಂದ ಚನ್ನಾಜಮ್ಮ ತಲೆಬಾಗದೆ ಮಾಡುವ ನಮಸ್ಕಾರಗಳು.

ಮಾನ್ಯರೇ,

ರಸ್ತೆ ದಾಟಿದರೆ ಸಿಗುವ ತಮಗೆ ನಮ್ಮ ಬೀದಿಯ ಅಕ್ಕನ ಬಳಗದ ವಾಟ್ಸಾಪ್ ಗುಂಪಿನಲ್ಲಿ ಪತ್ರ ಬರೆಯಬೇಕಾಗಿ ಬಂದದ್ದಕ್ಕೆ ವಿಷಾದವಿದೆ. ಆದರೆ ತಾವು ಫೋನು ಎತ್ತುವುದಿಲ್ಲ, ನಾನು ಬಾಗಿಲು ತಟ್ಟಿದರೆ ಒಳಗೆ ಮಿಕ್ಸಿ ತಿರುಗುವ ಸದ್ದು ಬರುತ್ತದೆ. ಬೀದಿಗೆಲ್ಲ ಕರೆಂಟು ಹೋಗಿದ್ದಾಗಲೂ ತಮ್ಮ ಮನೆಯ ಮಿಕ್ಸಿ ತಿರುಗಿದ್ದು ಹೇಗೆಂದು ನಾನು ಕೇಳುವುದಿಲ್ಲ. ಆ ಸದ್ದನ್ನು ಗಂಟಲಿನಿಂದ ಹೊರಡಿಸುವ ಶಕ್ತಿ ಈ ವಯಸ್ಸಿನಲ್ಲಿ ಎಲ್ಲರಿಗೂ ಇರುವುದಿಲ್ಲ, ಅಭಿನಂದನೆಗಳು. ಬೀದಿಯವರು ಈಗಾಗಲೇ ನಮ್ಮ ಮಾತು ನಿಂತಿರುವುದಕ್ಕೆ ಅವರವರಿಗೆ ತೋಚಿದ ಅರ್ಥ ಕಟ್ಟುತ್ತಿರುವುದರಿಂದ, ಸರಿಯಾದ ವಿವರ ನನ್ನಿಂದಲೇ ಹೋಗಲಿ ಎಂದು ಮೊಮ್ಮಗಳು ರಮ್ಯಳಿಂದ ಟೈಪು ಮಾಡಿಸುತ್ತಿದ್ದೇನೆ. ಓದಿ ನಗುವವರು ನನ್ನ ಮುಂದೆ ಬಂದು ನಗಬಹುದು.

ವಿಷಯ ಇಷ್ಟೇ. ಅಣ್ಣನ ಮಗನ ಗೃಹಪ್ರವೇಶದಲ್ಲಿ ಪರಿಚಯವಾದ, ತೋಟಗಾರಿಕೆ ಇಲಾಖೆಯಿಂದ ನಿವೃತ್ತರಾದ, ಹೆಂಡತಿ ತೀರಿಕೊಂಡ ತಿ. ನರಸೀಪುರದ ಗಂಗಾಧರಸ್ವಾಮಿಯವರೊಡನೆ ನಾನು ಆಗಾಗ ಕಾಫಿಗೆ ಹೋಗುತ್ತೇನೆ. ಇದಕ್ಕೆ ಡೇಟು ಎನ್ನುತ್ತಾರೆಂದು ರಮ್ಯ ಹೇಳಿದ ದಿನ ನಾನು ಅವಳಿಗೆ ಊಟ ಬಡಿಸಲಿಲ್ಲ. ಈಗ ಅಭ್ಯಾಸವಾಗಿದೆ. ಮುಂದಿನ ದಿನಗಳನ್ನು ಜೊತೆಯಾಗಿ ಕಳೆಯೋಣವೇ ಎಂದು ಅವರು ಕೇಳಿದ್ದಾರೆ, ನಾನು ಉತ್ತರ ಕೊಡಬೇಕಾಗಿದೆ.

ಮೊದಲ ಸಲ ಹೋಗುವಾಗ ನನ್ನ ಸೀರೆ ಆರಿಸಿಕೊಟ್ಟವರು ತಾವೇ. ಬಂದಮೇಲೆ ಏನೇನಾಯಿತೆಂದು ಕೇಳಿ ನಕ್ಕವರೂ ತಾವೇ. ಅವರಿಗೆ ಮಾತು ಬರುವುದಿಲ್ಲ, ಬರೀ ಸಪೋಟಾ ಗಿಡಕ್ಕೆ ಕಸಿ ಕಟ್ಟುವುದನ್ನೇ ಹೇಳುತ್ತಾರೆ ಎಂದು ನಾನು ದೂರಿದಾಗ ತಮಗೆ ಎಷ್ಟು ಸಂತೋಷವಾಗಿತ್ತು! ಎರಡನೇ ಸಲ ಅವರ ಮಾತಿಗೆ ನನಗೆ ನಗು ಬಂತು ಎಂದೆ ನೋಡಿ, ಅಲ್ಲಿಂದ ತಮ್ಮ ಆರೋಗ್ಯ ಕೆಟ್ಟಿತು. ನಾನು ನರಸೀಪುರದ ಬಸ್ಸು ಹತ್ತುವ ದಿನವೇ ಹಿಡಿದು, ನಾನು ಇಳಿಯುತ್ತಲೇ ಬಿಡುವ ಜ್ವರವನ್ನು ವೈದ್ಯಶಾಸ್ತ್ರಕ್ಕೆ ಕಾಣಿಕೆಯಾಗಿ ಕೊಟ್ಟ ತಮ್ಮನ್ನು ಸರ್ಕಾರ ಗುರುತಿಸಬೇಕು. ಜ್ವರ ಸಾಲದಾದಾಗ ತಾವೇ ಅದೇ ಬಸ್ಸಿನಲ್ಲಿ ಬಂದಿರಿ, ಹೋಟೆಲಿನಲ್ಲಿ ಪಕ್ಕದ ಮೇಜಿಗೆ ಕೂತು, ನಾವು ಒಂದು ಕಾಫಿ ಮುಗಿಸುವುದರೊಳಗೆ ಕೇಸರಿಬಾತಿನ ದ್ರಾಕ್ಷಿ ಸಣ್ಣದೆಂದು ಮಾಣಿಯನ್ನು ಅಳಿಸಿದಿರಿ. ನಾನು ಅವರ ಸುದ್ದಿ ಎತ್ತಿದರೆ ಟೀವಿಯ ಸದ್ದು ಏರಿಸುವಿರಿ, ಎತ್ತದಿದ್ದರೆ ಮುಚ್ಚಿಡುತ್ತೀಯೆಂದು ಮುನಿಯುವಿರಿ. ಏನಾಯಿತೆಂದು ಕೇಳಿದರೆ ಮಾತ್ರ, "ನಂಗೇನಾಗದೆ? ಓಗವ್ವ ಓಗು, ಕಾಯ್ತಾ ಇರ್ತರೆ" ಎಂಬ ಅಮೃತವಾಣಿ.

ಎಸ್ಸೆಸ್ಸೆಲ್ಸಿವರೆಗೆ ಓದಿದ ನಾನು ಇದರ ಅರ್ಥವನ್ನು ಕ್ರಮವಾಗಿಯೇ ಹುಡುಕಿದೆ. ತಮಗೇ ಆ ಗಂಡಸಿನ ಮೇಲೆ ಮನಸ್ಸಿರಬಹುದೆಂದು ಮೊದಲು ಅನುಮಾನಿಸಿ, ಬೇಕಿದ್ದರೆ ಬಿಟ್ಟುಕೊಡುತ್ತೇನೆಂದು ಗೌರವದಿಂದಲೇ ಹೇಳಿದೆ. "ಆ ಮೀಸೆ ತಕಂಡು ನಾನೇನ್ ಮಾಡ್ಲಿ? ನಮ್ಮನೇಲಿ ಪರಕೆ ಅದೆ" ಎಂದಿರಿ. ಆ ಅನುಮಾನ ಅಲ್ಲಿಗೆ ಸತ್ತಿತು. ಬಳಿಕ, ನನ್ನ ಕ್ಷೇಮದ ಚಿಂತೆ ಇರಬೇಕೆಂದುಕೊಂಡೆ. ತಾವು ಬನ್ನೂರಿನಿಂದ ಹಿಡಿದು ಮೂಗೂರಿನವರೆಗೆ ವಿಚಾರಣೆ ನಡೆಸಿ, ಅವರಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಬೇರೆ ಸಂಸಾರವಿಲ್ಲ ಎಂದು ವರದಿ ತಂದಿರಿ. ಗೆಳತಿಯ ಕ್ಷೇಮ ಬಯಸುವವರಿಗೆ ಅಂಥ ವರದಿಯಿಂದ ನೆಮ್ಮದಿಯಾಗುತ್ತದೆ. ತಾವು ಎರಡು ದಿನ ಊಟ ಬಿಟ್ಟಿರಿ.

ಆಗ ರಮ್ಯ, "ಅಜ್ಜಿ, ಮಂಗಳಜ್ಜಿಗೆ ನಿಮ್ಮ ಮ್ಯಾಲೇ ಪ್ರೀತಿ ಇರ್ಬೋದು" ಎಂದಳು. ಅವಳನ್ನು ಅಡುಗೆಮನೆಯಿಂದ ಆಚೆ ಅಟ್ಟಿದೆ. ಆಮೇಲೆ ಕರೆದು, ಹಾಗಿದ್ದರೆ ಲಕ್ಷಣಗಳೇನು ಎಂದು ಕೇಳಿದೆ. ಲಕ್ಷಣಗಳು ಹೊಂದುತ್ತವೆಯಂತೆ, ಆದರೆ ಒಂಟಿಯಾಗುವ ಭಯಕ್ಕೂ ಅವೇ ಲಕ್ಷಣಗಳಂತೆ, ಎಷ್ಟೋ ಜನ ಗೆಳತಿಯರಿಗೆ ಹೀಗಾಗುತ್ತದಂತೆ, ಹೊರಗಿನಿಂದ ನೋಡಿ ಇದು ಅದೇ ಎಂದು ಹೇಳಲು ಯಾರಿಗೂ ಬರುವುದಿಲ್ಲವಂತೆ, ಹೊಟ್ಟೆಕಿಚ್ಚು ಪಟ್ಟವರನ್ನೇ ಕೇಳಬೇಕಂತೆ. ಇಷ್ಟು ಕಲಿಸುವುದಕ್ಕೆ ಅದ್ಯಾವ ಕಾಲೇಜಿದೆಯೋ ಕಾಣೆ.

ನಮ್ಮ ಯಜಮಾನರು ಇದ್ದಾಗ ತಮಗೆ ಎಂದೂ ಹೊಟ್ಟೆಕಿಚ್ಚಿರಲಿಲ್ಲ, ಅವರಿಗೆ ಹುರುಳಿ ಬಸ್ಸಾರು ಮಾಡಿ ಕಳಿಸುತ್ತಿದ್ದಿರಿ ಎಂಬುದೇ ನನಗೆ ಬಿಡಿಸಲಾಗದ ಗಂಟಾಗಿತ್ತು. ಕಳೆದ ವಾರ ಬಸ್‌ಸ್ಟ್ಯಾಂಡಿನಲ್ಲಿ ನಾನು ಇಳಿಯುವುದನ್ನೇ ಕಾದು ನಿಂತಿದ್ದ ತಮ್ಮನ್ನು ಅಲ್ಲೇ ಅದನ್ನು ಕೇಳಿದೆ. ತಾವು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ, ಬಸ್ಸಿನ ನಂಬರು ಓದುವವರಂತೆ ಆ ಕಡೆ ನೋಡುತ್ತ ಹೇಳಿದಿರಿ: "ಆವಪ್ಪನ್ನ ನಿಮ್ಮಪ್ಪ ತಂದ್ರು. ಈವಯ್ಯನ್ನ ನೀನೇ ಆರಿಸ್ಕಂಡೆ. ಅಲ್ಲೀಗಂಟ ನೀನು ಆರಿಸ್ಕಂಡಿದ್ದು ನನ್ನೊಬ್ಳನ್ನೇ ಕಣೆ."

ಹೇಳಿ ಆಟೋ ಹತ್ತಿ ಹೋದಿರಿ. ಅಂದಿನಿಂದ ಮಿಕ್ಸಿ.

ಮಾನ್ಯರೇ, ಆ ಮಾತು ನನ್ನನ್ನು ಅಲ್ಲೇ ಸಿಮೆಂಟು ಬೆಂಚಿನ ಮೇಲೆ ಕೂರಿಸಿತು. ಪುಣ್ಯದಲ್ಲಿ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ಹೆಸರಾದ ನರಸೀಪುರದ ಸಂಗಮದ ನೀರು ನೋಡಿ ಬಂದಿದ್ದೆ. ತಾವು ಕೇಳುತ್ತಿರುವುದೂ ಗಂಗಾಧರಸ್ವಾಮಿಯವರಿಗಿಂತ ಒಂದು ಗುಲಗಂಜಿ ಹೆಚ್ಚಿನ ತೂಕವನ್ನೇ ಎಂದು ಆಗ ತಿಳಿಯಿತು. ಆದರೆ ನಾನು ತಕ್ಕಡಿ ಹಿಡಿಯುವವಳಲ್ಲ. ಗಂಗಾಧರಸ್ವಾಮಿಯವರನ್ನು ಬಿಟ್ಟುಬಿಡು ಎಂಬುದು ತಮ್ಮ ಬೇಡಿಕೆಯಾದರೆ ಅದು ಈ ಮೂಲಕ ತಿರಸ್ಕೃತವಾಗಿದೆ. ಅವರು ಬಂದರೆಂದು ತಮ್ಮ ಕುರ್ಚಿ ನಮ್ಮ ಜಗುಲಿಯಿಂದ ಏಳಬೇಕು ಎಂಬುದು ತಮ್ಮ ಊಹೆಯಾದರೆ ಅದೂ ತಿರಸ್ಕೃತವಾಗಿದೆ.

ಆದ್ದರಿಂದ ತಾವು ಖುದ್ದಾಗಿ ಹಾಜರಾಗಿ ಹೇಳಿಕೆ ಕೊಡತಕ್ಕದ್ದು. ಒಂಟಿಯಾಗುವ ಭಯವಾದರೆ, ಸಂಜೆಗಳನ್ನು ಹಂಚುವ ವಿಚಾರ ಕೂತು ಮಾತಾಡೋಣ; ನನ್ನ ಯಾವ ಸುದ್ದಿಯಾದರೂ ಮೊದಲು ತಮಗೆ ಎಂಬ ಹಳೆಯ ಹಕ್ಕು ಅವರು ಬಂದಮೇಲೂ ಹಾಗೆಯೇ ಇರಲಿ. ರಮ್ಯ ಹೇಳಿದ ಇನ್ನೊಂದಾದರೆ, ಅದನ್ನೂ ಕಣ್ಣಿಗೆ ಕಣ್ಣಿಟ್ಟು ಹೇಳಿ. ನಾನು ಮೂರ್ಛೆ ಹೋಗುವುದಿಲ್ಲ, ಹೀನಾಯ ಮಾಡುವುದಿಲ್ಲ, ಮಾಡುವವರನ್ನು ಬಿಡುವುದೂ ಇಲ್ಲ. ನನ್ನಲ್ಲಿ ಅದೇ ಇದೆಯೆಂದು ಸುಳ್ಳು ಹೇಳಲಾರೆ. ಆದರೆ ಆರಿಸಿಕೊಂಡದ್ದು ನಿಜ. ಆರಿಸಿಕೊಂಡದ್ದನ್ನು ವಾಪಸು ಮಾಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ತಾವು ಬಂದು ಬಾಯಿ ಬಿಡುವವರೆಗೆ ಅವರಿಗೂ ನನ್ನ ಉತ್ತರ ಹೋಗುವುದಿಲ್ಲ. ಅವರು ಕಾಯುತ್ತಿದ್ದಾರೆ, ನಾನೂ ಕಾಯುತ್ತಿದ್ದೇನೆ, ಕಾಯುವುದು ನನ್ನ ಸ್ವಭಾವವಲ್ಲವೆಂದು ತಮಗೆ ಗೊತ್ತು.

ಸಿಟ್ಟು ಇಳಿಯದಿದ್ದರೂ ತಮಗೆ ಬಾಗಿಲು ಹಾಕದ,
ತಮ್ಮ ವಿಶ್ವಾಸಿ,
ಚನ್ನಾಜಮ್ಮ

ತಾಜಾ ಕಲಂ: ನಾನು ಈ ತೊಂದರೆ ತಿಳಿಸಿದಾಗ ಗಂಗಾಧರಸ್ವಾಮಿಯವರು, ನರಸೀಪುರದಲ್ಲಿ ಅವರ ಬಾಲ್ಯಸ್ನೇಹಿತ ಚಲುವಯ್ಯನವರೂ ನನ್ನ ಹೆಸರು ಕೇಳಿದಾಗಿನಿಂದ ವಾಕಿಂಗಿಗೆ ಬರುವುದನ್ನು ನಿಲ್ಲಿಸಿದ್ದಾರೆಂದು ಒಪ್ಪಿಕೊಂಡರು. ಬರುವ ಭಾನುವಾರ ಊಟಕ್ಕೆ ಅವರು ಅವರ ಕಡೆಯ ಆಕ್ಷೇಪಣೆದಾರರನ್ನು ಕರೆತರುತ್ತಾರೆ, ನಾನು ನನ್ನ ಕಡೆಯವರನ್ನು ಎದುರುಮನೆಯಿಂದ ಹೊತ್ತಾದರೂ ತರುತ್ತೇನೆ. ನೀವಿಬ್ಬರೂ ಒಂದೇ ಸಾಲಿನಲ್ಲಿ ಕೂತು ನಮ್ಮಿಬ್ಬರನ್ನು ಮನಸಾರೆ ಬೈದುಕೊಳ್ಳಬಹುದು. ಚಲುವಯ್ಯನವರಿಗೆ ಮೀಸೆ ಇಲ್ಲವಂತೆ.