ಊಟಕ್ಕೆ ಮುಂಚೆ, ಊಟದ ನಂತರ

ಸತ್ಯಪ್ರಕಾಶ ಬರೆಯಬೇಕೆಂದಿದ್ದದ್ದು ಎರಡು ಮೆಸೇಜು. ಮೊದಲನೆಯದರಲ್ಲಿ ಗೋಳು, ಎರಡನೆಯದರಲ್ಲಿ ಗೋಳಿಗೆ ಕಾರಣ. ಮೊದಲನೆಯದನ್ನು ಕಳಿಸುವ ಹೊತ್ತಿಗೆ ಸರಿಯಾಗಿ ಕಾರಿನ ಟ್ಯಾಂಕು ತುಂಬಿ ಪೆಟ್ರೋಲ್ ಪಂಪು ಟಕ್ ಎಂದಿತು. ಫೋನನ್ನು ಪಕ್ಕದ ಸೀಟಿಗೆ ಎಸೆದು ಹೊರಟುಬಿಟ್ಟ. ಎರಡನೆಯ ಮೆಸೇಜು ಹೋಗಲೇ ಇಲ್ಲ. ಎಲ್ಲ ಅನರ್ಥವೂ ಇಲ್ಲಿಂದಲೇ ಶುರುವಾಯಿತು.

ಆ ವರ್ಷ ಅಮೆರಿಕದ ಟೆಕ್ಸಸ್ಸಿನ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ಕನ್ನಡಿಗರು ಸೇರಿ ಒಂದೇ ರಾಜ್ಯೋತ್ಸವ ಮಾಡುವುದೆಂದು ತೀರ್ಮಾನವಾಗಿತ್ತು. ಊಟದ ಉಸ್ತುವಾರಿಗೆ ಹನ್ನೊಂದು ಜನ ಕೈ ಎತ್ತಿದರು. ಮಕ್ಕಳ ಕಾರ್ಯಕ್ರಮಗಳ ಪಟ್ಟಿ ಯಾರು ಮಾಡುತ್ತೀರಿ ಎಂದಾಗ ಎಲ್ಲರೂ ಚಾವಣಿ ನೋಡಿದರು. ಡಲ್ಲಾಸ್ ಪಕ್ಕದ ಕಾಪೆಲ್‌ನ ಸತ್ಯಪ್ರಕಾಶ ಪಾಪ, ಆಗಷ್ಟೇ ಬಾತ್‌ರೂಮಿನಿಂದ ವಾಪಸ್ಸು ಬಂದವನು, ವಿಷಯ ಗೊತ್ತಿಲ್ಲದೆ ಎಲ್ಲರನ್ನೂ ನೋಡಿ ನಕ್ಕ. ಅದನ್ನೇ ಒಪ್ಪಿಗೆ ಎಂದು ಬರೆದುಕೊಂಡರು.

ಒಟ್ಟು ಮೂವತ್ತೆಂಟು ಕಾರ್ಯಕ್ರಮ. ಒಂದು ಗಂಟೆಗೆ ಊಟ. ಮೂವತ್ತೆಂಟು ಮಕ್ಕಳ ತಾಯಂದಿರಿಗೂ ಊಟಕ್ಕೆ ಮುಂಚೆಯೇ ಬೇಕು. ಅವರದೂ ತಪ್ಪಲ್ಲ. ಊಟವಾದ ಮೇಲೆ ಮಿಕ್ಕ ಪುಳಿಯೋಗರೆಯನ್ನು ಡಬ್ಬಿಗೆ ತುಂಬಿಕೊಂಡು ಎಲ್ಲರೂ ಮನೆಯ ದಾರಿ ಹಿಡಿಯುತ್ತಾರೆ. ಆಮೇಲೆ ಸಭಾಂಗಣದಲ್ಲಿ ಉಳಿಯುವವರು ಕುಣಿಯುವ ಮಗುವಿನ ಅಪ್ಪ, ಅಮ್ಮ ಮತ್ತು ಕುರ್ಚಿ ಮಡಚುವವರು. ಪಕ್ಷಪಾತ ಎಂದು ಯಾರೂ ಬಾಯಿ ತೆಗೆಯಬಾರದೆಂದು ಸತ್ಯಪ್ರಕಾಶ ತನ್ನ ಮಗಳು ಅನಘಾಳ ನೃತ್ಯವನ್ನೇ ಕೊಟ್ಟಕೊನೆಗೆ, ಮೂವತ್ತೆಂಟನೆಯದಾಗಿ ಹಾಕಿದ್ದ. ಅದರ ಬಗ್ಗೆ ಅವನಿಗೆ ಬಹಳ ಹೆಮ್ಮೆ. ಜನ ಬಾಯಿ ಮಾತ್ರ ಮುಚ್ಚಲಿಲ್ಲ.

ರಾಜ್ಯೋತ್ಸವಕ್ಕೆ ಇನ್ನೂ ವಾರವಿದ್ದ ಶನಿವಾರ ಬೆಳಿಗ್ಗೆ ಏಳಕ್ಕೆ ಆಸ್ಟಿನ್ನಿನಿಂದ ಡೊಳ್ಳು ತರಲು ಹೊರಟವನು ಪೆಟ್ರೋಲ್ ಹಾಕುತ್ತಿದ್ದಾಗ ಜಯದೇವಿ ಆಂಟಿಯ ಮೆಸೇಜು ಬಂತು. ಮೊಮ್ಮಗಳನ್ನು ಹನ್ನೆರಡನೆಯ ನಂಬರಿಗೆ ಹಾಕಿದ್ದಕ್ಕೆ ಥ್ಯಾಂಕ್ಸ್, ಆದರೆ ಹನ್ನೊಂದು ಆಗುತ್ತಾ ಎಂದು. ಆ ವಾರದಲ್ಲಿ ಅದು ತೊಂಬತ್ತನೆಯ ಕೋರಿಕೆ. ಇನ್ನೂರ ಹದಿನಾಲ್ಕು ಜನರ ವಾಟ್ಸಾಪ್ ಗುಂಪಿನಲ್ಲಿ ಸತ್ಯಪ್ರಕಾಶ ಒತ್ತಿಯೇಬಿಟ್ಟ: "ಇನ್ನು ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ."

ಅಷ್ಟೇ. ಹಿಂದಿಲ್ಲ, ಮುಂದಿಲ್ಲ.

ಮೊದಲ ಫೋನು ಡಲ್ಲಾಸ್ ದಾಟುವಷ್ಟರಲ್ಲೇ ಬಂತು. ಕಾರಿನ ಸ್ಪೀಕರಿನಲ್ಲಿ ಧಾರವಾಡ ಮೂಲದ ಮಹಾಂತಪ್ಪ ಅಂಕಲ್ ಗುಡುಗಿದರು.

"ಏನ್ರಿ ಸತ್ಯಪ್ರಕಾಶ, ನೌಕ್ರಿ ಹೋತಂತ ಹಿಂಗ ಧೈರ್ಯ ಕಳ್ಕೊಂಡ್ರ ಹೆಂಗ್ರಿ?"

"ಯಾರ ನೌಕರಿ ಅಂಕಲ್?"

"ನಿಮ್ದರೀ! ನಮ್ಮ ಅಳಿಯ ನಿಮ್ಮ ಆಫೀಸಿನ್ಯಾಗ ಅದಾನಲ್ರಿ, ಲಿಸ್ಟ್ ಸೋಮವಾರ ಬರ್ತದ, ನಿಮ್ಮ ಟೀಮೂ ಅದರಾಗ ಅದ ಅಂದಿದ್ದ. ಮೊದ್ಲ ಹೇಳಿಬಿಟ್ರೇನ್ರಿ?"

"ನನಗೆ ಈಗ ನೀವೇ ಹೇಳ್ತಿರೋದು!"

"ಹಂಗಾರ ನಾ ಏನೂ ಹೇಳಿಲ್ಲ ಬಿಡ್ರಿ," ಎಂದು ಮಹಾಂತಪ್ಪ ಫೋನ್ ಇಟ್ಟರು.

ಸತ್ಯಪ್ರಕಾಶ ಅವರಿಗೇ ತಿರುಗಿ ಫೋನು ಹಚ್ಚಲು ಹೋದ. ಅದು ಹೋಗುವ ಮೊದಲೇ ಜಯದೇವಿ ಆಂಟಿಯ ಫೋನು ಬಂತು.

"ಸತ್ಯೂ, ಆರು ತಿಂಗಳು ಏನು ಮಹಾ? ಕಣ್ಮುಚ್ಚಿ ಕಣ್ತೆರೆಯೋದ್ರಲ್ಲಿ ಹೋಗುತ್ತೆ. ಅತ್ತೆ ಅಂದ್ರೆ ತಾಯಿ ಸಮಾನ ಕಣಪ್ಪ."

"ಯಾವ ಆರು ತಿಂಗಳು ಆಂಟಿ?"

"ರಾಜಲಕ್ಷ್ಮಿ ಅವರಮ್ಮಂಗೆ ಟಿಕೆಟ್ ಮಾಡಿದಾಳಲ್ಲ... ಅಯ್ಯೋ, ದೀಪಾವಳಿ ಆದ್ಮೇಲೆ ಹೇಳ್ತೀನಿ ಅಂದಿದ್ಲು. ನಾನು ಹೇಳ್ದೆ ಅಂತ ಹೇಳ್ಬೇಡಪ್ಪ. ಅಂದ ಹಾಗೆ, ಹನ್ನೊಂದು?"

ಮೂರನೆಯವನು ಪ್ರಶಾಂತ್, ಎದುರುಮನೆ. "ಸಾರಿ ಗುರೂ, ಸಾರಿ! ಕ್ಯಾಮೆರಾದಲ್ಲಿ ನೋಡಿಬಿಟ್ಯಾ? ರಿವರ್ಸ್ ತಗೊಳ್ಳೋವಾಗ ನಿನ್ನ ಕಾರಿಗೆ ಸ್ವಲ್ಪ ತಾಗಿತು ಅಷ್ಟೆ. ಆ ಕಡೆ ಬಾಗಿಲು ತೆಗೆಯೋಕೆ ಬರುತ್ತೆ ತಾನೆ?"

ಹೀಗೆ ಬೆಳಿಗ್ಗೆ ಒಂದೇ ಒಂದು ಕಷ್ಟವಿದ್ದ ಮನುಷ್ಯನಿಗೆ ಒಂಬತ್ತು ಗಂಟೆಗೆ ನಾಲ್ಕು ಕಷ್ಟಗಳಾದವು. ಹೊಸ ಮೂರೂ ಅವನ ಕಷ್ಟಕ್ಕೆ ಕಾರಣ ಹುಡುಕಲು ಹೋದವರ ಕೃಪೆ. ಗುಂಪಿನಲ್ಲಂತೂ ಸಂತೆಯೇ ನೆರೆದಿತ್ತು. ಒಬ್ಬರು ಪ್ರಾಣಾಯಾಮದ ವಿಡಿಯೋ ಹಾಕಿದರು, ಒಬ್ಬರು ಮಂಡಿನೋವಿನ ಎಣ್ಣೆಯ ಹೆಸರು ಬರೆದರು, ಮೆಸೇಜನ್ನೇ ಓದದ ಸೌತ್‌ಲೇಕ್‌ನ ಡಾಕ್ಟರೊಬ್ಬರು ಹ್ಯಾಪಿ ಬರ್ತ್‌ಡೇ ಎಂದರು. ಆಮೇಲೆ ಹದಿನೇಳು ಜನ ಹ್ಯಾಪಿ ಬರ್ತ್‌ಡೇ ಎಂದರು.

ಹೆಂಡತಿ ರಾಜಲಕ್ಷ್ಮಿಯ ಫೋನು ಬಂದದ್ದು ಆಗ. "ಅಲ್ರೀ, ನಿಮ್ಮ ಕೈಲಿ ತಡ್ಕೊಳ್ಳೋಕಾಗದೇ ಇರೋ ಅಂಥದ್ದು ನಾನೇನು ಮಾಡಿದೀನಿ? ಆರು ಜನ ಫೋನ್ ಮಾಡಿ 'ಹೊಂದ್ಕೊಂಡು ಹೋಗಮ್ಮ' ಅಂತಿದಾರೆ ನಂಗೆ!"

"ನಿಮ್ಮಮ್ಮ ಬರ್ತಿದಾರಂತೆ?" ಎಂದುಬಿಟ್ಟ ಸತ್ಯಪ್ರಕಾಶ. ಫೋನು ಕಟ್ಟಾಯಿತು.

ಆಸ್ಟಿನ್ನಿನ ದಾರಿಯಲ್ಲಿ ವೇಕೋ ಎಂಬ ಊರು ಇನ್ನೂ ಇಪ್ಪತ್ತು ಮೈಲಿ ಇರುವಾಗ ಮತ್ತೆ ಫೋನು ಹೊಡೆದುಕೊಂಡಿತು. ಹ್ಯೂಸ್ಟನ್ನಿನ ಕೃಷ್ಣವೇಣಿ. ಸಂಗೀತದ ಟೀಚರ್. ವಾರಕ್ಕೆರಡು ಸಂಜೆ ಅಲ್ಲಿಯ ಮನನೊಂದವರ ಸಹಾಯವಾಣಿಯಲ್ಲಿ ಫೋನ್ ಹಿಡಿದು ಕೂರುತ್ತಾರೆ ಎಂದು ಯಾರೋ ಹೇಳಿದ್ದು ಬಿಟ್ಟರೆ ಅವನಿಗೆ ಹೆಚ್ಚಿನ ಪರಿಚಯವಿಲ್ಲ. ಇವರು ಯಾವ ಗುಟ್ಟು ಒಡೆಯುತ್ತಾರೋ ಎಂದು ಹೆದರಿಕೊಂಡೇ ಎತ್ತಿದ.

"ಸತ್ಯಪ್ರಕಾಶ್, ನಿಮ್ಮ ಮೆಸೇಜ್ ನೋಡಿದೆ. ಗುಂಪಲ್ಲಿ ಬೇಡ ಅಂತ ಫೋನ್ ಮಾಡ್ದೆ. ಡ್ರೈವ್ ಮಾಡ್ತಿದೀರಾ? ಎಲ್ಲಾದ್ರೂ ನಿಲ್ಲಿಸೋಕಾಗುತ್ತಾ? ಅವಸರ ಇಲ್ಲ, ನಾನು ಲೈನಲ್ಲೇ ಇರ್ತೀನಿ."

ಅವನು ವೆಸ್ಟ್ ಎಂಬ ಊರಿನಲ್ಲಿ ಹೈವೇ ಇಳಿದು, ಕೊಲಾಚಿ ಬನ್ನು ಮಾರುವ ಬೇಕರಿಯ ಮುಂದೆ ಕಾರು ನಿಲ್ಲಿಸಿದ.

"ಏನಾಗಿದೆಯೋ ನಂಗೆ ಗೊತ್ತಿಲ್ಲ," ಎಂದರು ಕೃಷ್ಣವೇಣಿ, "ಊಹೆ ಮಾಡೋಕೂ ಹೋಗಲ್ಲ. ಚಿಕ್ಕದಿರಬಹುದು, ದೊಡ್ಡದಿರಬಹುದು. ಆದ್ರೆ ಆ ಸಾಲು ಬರೆಯೋ ಹೊತ್ತಿಗೆ ಭಾರ ಆಗಿತ್ತು ಅಂತ ಕಾಣುತ್ತೆ. ಮೊದಲು ಇದು ಹೇಳಿ, ಈ ಕ್ಷಣ ಸೇಫಾಗಿದೀರಾ?"

"ಹಾಂ, ಇದೀನಿ."

"ನೇರವಾಗೇ ಕೇಳ್ತೀನಿ, ಬೇಜಾರಾಗ್ಬೇಡಿ. ಜೀವ ತಗೊಳ್ಳೋ ಯೋಚನೆ ಏನಾದ್ರೂ ಬರ್ತಿದೆಯಾ?"

"ಅಯ್ಯಯ್ಯೋ! ಇಲ್ಲ ಮೇಡಂ! ದೇವರಾಣೆ ಇಲ್ಲ!"

"ಸರಿ. ಕೇಳಿ ಸಮಾಧಾನ ಆಯ್ತು. ಹೌದು ಅಂದಿದ್ರೂ ನಾನು ಗಾಬರಿ ಆಗ್ತಿರಲಿಲ್ಲ, ಫೋನೂ ಇಡ್ತಿರಲಿಲ್ಲ. ಇಬ್ರೂ ಸೇರಿ ಸಹಾಯಕ್ಕೆ ಯಾರನ್ನ ಕರೆಯೋದು ಅಂತ ನೋಡ್ತಿದ್ವಿ."

"ಹೀಗೆ ಕೇಳಿದ್ರೆ, ಇಲ್ಲದೇ ಇರೋ ಯೋಚನೆ ತಲೆಗೆ ಬಂದುಬಿಡಲ್ವಾ ಮೇಡಂ?"

"ಎಲ್ರೂ ಹಾಗೇ ಹೆದರ್ತಾರೆ. ಕೇಳೋದ್ರಿಂದ ಬರಲ್ಲ. ನಿಜವಾಗ್ಲೂ ಇರೋರಿಗೆ, ಸದ್ಯ ಒಬ್ರು ಕೇಳಿದ್ರಲ್ಲ ಅಂತ ಎಷ್ಟೋ ಹಗುರ ಆಗುತ್ತೆ. ಈಗ ನಿಮಗೆ ಸಲಹೆ ಬೇಕಾ, ಸುಮ್ನೆ ಕೇಳಿಸಿಕೊಳ್ಳಲಾ?"

"ಸುಮ್ನೆ ಕೇಳಿ ಸಾಕು."

ಕೃಷ್ಣವೇಣಿ ಸುಮ್ಮನಾದರು. ನಮ್ಮವರು ಸುಮ್ಮನಿದ್ದರೆ ಫೋನು ಕಟ್ಟಾಗಿದೆ ಎಂದೇ ಅರ್ಥ, ಸತ್ಯಪ್ರಕಾಶ ಎರಡು ಸಲ ಹಲೋ ಎಂದ. "ಇದೀನಿ, ಹೇಳಿ," ಎಂದರು ಆಕೆ. ಇವನು ಮೂವತ್ತೆಂಟು ಕಾರ್ಯಕ್ರಮದ ಕತೆಯನ್ನು ಒಂದರಿಂದ ಹೇಳಿದ. ಹೇಳುತ್ತಾ ಹೇಳುತ್ತಾ, ತಿಂಗಳಿನಿಂದ ಸರಿಯಾಗಿ ನಿದ್ದೆಯಿಲ್ಲ, ಫೋನು ಗುಂಯ್ ಎಂದರೆ ಎದೆ ಡವಡವ ಎನ್ನುತ್ತದೆ ಎಂಬುದೂ ಹೊರಬಂತು. ಇದು ಅವನಿಗೇ ಹೊಸ ಸುದ್ದಿ.

"ಎಲ್ರೂ ನಿಮ್ಮನ್ನ ಏನೋ ಒಂದು ಕೇಳ್ತಾರೆ. ಹೇಗಿದೀಯಾ ಅಂತ ಮಾತ್ರ ಯಾರೂ ಕೇಳಲ್ಲ. ಹಾಗಾ?"

"ಹಾಗೇ ಮೇಡಂ!" ಎಂದು ಸತ್ಯಪ್ರಕಾಶ ಗೊಳೋ ಎಂದು ಅತ್ತುಬಿಟ್ಟ. ಬನ್ನು ತಿನ್ನುತ್ತಿದ್ದ ಟೆಕ್ಸಸ್ ಮುದುಕನೊಬ್ಬ ಎದ್ದು ಬಂದು, ಏನೂ ಕೇಳದೆ, ಕಿಟಕಿಯೊಳಗೆ ಪೇಪರ್ ನ್ಯಾಪ್ಕಿನ್ ಚಾಚಿ ಹೋದ. ಆ ಊರಿನ ನೀರಿನ ಗುಣವಿರಬೇಕು.

ಮನೆಯಲ್ಲಿ ಇವತ್ತು ಜೊತೆಗೆ ಯಾರಿರುತ್ತಾರೆ ಎಂದು ವಿಚಾರಿಸಿ, ನಿದ್ದೆಯ ವಿಷಯ ಡಾಕ್ಟರ ಹತ್ತಿರ ಮಾತಾಡೋಣ್ವಾ ಎಂದು ಕೇಳಿ ಒಪ್ಪಿಸಿ, "ಸಂಜೆ ಏಳಕ್ಕೆ ಮತ್ತೆ ಮಾಡ್ತೀನಿ," ಎಂದು ಕೃಷ್ಣವೇಣಿ ಫೋನಿಟ್ಟರು. ಸತ್ಯಪ್ರಕಾಶ ಎರಡು ಕೊಲಾಚಿ ತಿಂದ. ಆಸ್ಟಿನ್ನಿನ ದ ಡೊಮೇನ್ ಮಾಲ್ ಹತ್ತಿರದ ಅಪಾರ್ಟ್‌ಮೆಂಟೊಂದರಿಂದ ನಾಲ್ಕು ಡೊಳ್ಳು ಹೇರಿಕೊಂಡು, ದಾರಿಯುದ್ದಕ್ಕೂ ಹಾಡಿಕೊಂಡು ವಾಪಸ್ಸು ಬಂದ. ಇನ್ನು ಮೇಲೆ ಯಾರ ಕಷ್ಟಕ್ಕೂ ತಾನು ಕಾರಣ ಊಹಿಸುವುದಿಲ್ಲ ಎಂದು ಶಪಥವನ್ನೂ ಮಾಡಿದ.

ಐದೂವರೆಗೆ ಮನೆಗೆ ಬಂದರೆ ರಾಜಲಕ್ಷ್ಮಿ ಸೋಫಾದ ಮೇಲೆ ಗೋಡೆ ನೋಡುತ್ತಾ ಕೂತಿದ್ದಳು. ತಿರುಗದೆ ಹೇಳಿದಳು, "ನನ್ನ ಕೈಲಿ ಇನ್ನು ತಡ್ಕೊಳ್ಳೋಕಾಗಲ್ಲ ರೀ."

ಅಮ್ಮನ ಟಿಕೆಟ್ಟು, ಫೋನು ಮಾಡಿದ ಆ ಆರು ಜನ, ಸೋಮವಾರದ ಲಿಸ್ಟು, ಮೂರೂ ಅವನ ನಾಲಿಗೆಯ ತುದಿಗೆ ಬಂದವು. ಮೂರನ್ನೂ ನುಂಗಿಕೊಂಡು ಪಕ್ಕದಲ್ಲಿ ಕೂತ.

"ಏನು ಅಂತ ನಾನು ಊಹೆ ಮಾಡಲ್ಲ ರಾಜಿ. ಸೇಫಾಗಿದೀಯಾ?"

"ಮನೇಲೇ ಕೂತಿದೀನಲ್ರಿ."

"ಏನಾದ್ರೂ ಮಾಡ್ಕೊಳ್ಳೋ ಯೋಚನೆ..."

"ಥೂ, ಬಿಡ್ತು ಅನ್ನಿ! ಅದೆಲ್ಲ ಏನಿಲ್ಲ."

"ಸರಿ. ಸಲಹೆ ಬೇಕಾ, ಸುಮ್ನೆ ಕೇಳ್ಲಾ?"

ರಾಜಲಕ್ಷ್ಮಿ ಗಂಡನನ್ನು ವಿಚಿತ್ರವಾಗಿ ನೋಡಿದಳು. ಹದಿನಾಲ್ಕು ವರ್ಷದಲ್ಲಿ ಈ ಪ್ರಶ್ನೆ ಅವಳ ಕಿವಿಗೆ ಬಿದ್ದಿರಲಿಲ್ಲ. "ಸುಮ್ನೆ ಕೇಳಿ," ಎಂದಳು.

ಅವನು ಕೇಳಿದ. ಅವಳು ಮೊದಲು ಅಳು ತಡೆದುಕೊಂಡಳು, ಆಮೇಲೆ ತಡೆಯಲಿಲ್ಲ. "ಮೂರು ತಿಂಗಳಿಂದ ಪ್ರಾಕ್ಟೀಸ್ ಮಾಡ್ತಿದಾಳೆ ರೀ ಅನಘಾ. ಕಾಲಲ್ಲಿ ಬೊಬ್ಬೆ ಬಂದಿದೆ. ನಿನ್ನೆ ಮಲಗೋವಾಗ 'ನೋಬಡಿ ವಿಲ್ ಬಿ ದೇರ್, ರೈಟ್ ಅಮ್ಮಾ?' ಅಂದ್ಲು. ಊರಿನ ಮಕ್ಕಳಿಗೆಲ್ಲ ನ್ಯಾಯ ಮಾಡ್ತೀರಾ, ನಮ್ಮ ಮಗು ಖಾಲಿ ಕುರ್ಚಿ ಮುಂದೆ ಕುಣೀಬೇಕಾ?"

ಸತ್ಯಪ್ರಕಾಶನಿಗೆ ಇಷ್ಟು ದಿನ ತನ್ನ ಹೆಮ್ಮೆಯೆಂದುಕೊಂಡಿದ್ದು ಮಗಳ ಕಾಲಿನ ಬೊಬ್ಬೆಯಂತೆ ಉರಿಯಿತು. ಲ್ಯಾಪ್‌ಟಾಪ್ ತೆರೆದು ಅನಘಾಳನ್ನು ಹನ್ನೆರಡಕ್ಕೆ ತಂದ. ಹನ್ನೆರಡರಲ್ಲಿದ್ದವರು ಎಲ್ಲಾದರೂ ಹೋಗಬೇಕಲ್ಲ, ಮೂವತ್ತೆಂಟು ಖಾಲಿಯಿತ್ತು, ಅಲ್ಲಿಗೆ ಹಾಕಿದ. ಹೊಸ ಪಟ್ಟಿಯನ್ನು ಗುಂಪಿಗೆ ಕಳಿಸಿ ಫೋನನ್ನು ಮಗುಚಿಟ್ಟ.

ಹೇಳಿದ ಮಾತಿಗೆ ಸರಿಯಾಗಿ ಏಳಕ್ಕೆ ಕೃಷ್ಣವೇಣಿಯ ಫೋನು ಬಂತು. "ಹೇಗಿದೀರಿ ಸತ್ಯಪ್ರಕಾಶ್?"

ಅವನು ಕಿಟಕಿಯ ಪರದೆ ಸರಿಸಿ ನೋಡಿದ. ಮನೆ ಮುಂದೆ ಒಂದು ದೊಡ್ಡ ವ್ಯಾನು ಬಂದು ನಿಂತಿತು. ಜಯದೇವಿ ಆಂಟಿ, ಮಗ, ಸೊಸೆ, ಬೀಗರು, ಕಡೆಗೆ ಹನ್ನೆರಡರಿಂದ ಮೂವತ್ತೆಂಟಕ್ಕೆ ಹೋದ, ಗೆಜ್ಜೆ ಕಟ್ಟಿಕೊಂಡ ಮೊಮ್ಮಗಳು, ಒಬ್ಬೊಬ್ಬರಾಗಿ ಇಳಿದರು.

"ಮೇಡಂ, ಈಗ ನಿಜವಾಗ್ಲೂ ನನ್ನ ಕೈಲಿ ಆಗಲ್ಲ."

"ಸರಿ, ನಾನಿದೀನಿ. ಏನು ಅಂತ ಊಹೆ ಮಾಡಲ್ಲ. ಮೊದಲು ಹೇಳಿ, ಈ ಕ್ಷಣ ಸೇಫಾಗಿದೀರಾ?"

ಕರೆಗಂಟೆ ಹೊಡೆದುಕೊಂಡಿತು.

"ಇಲ್ಲೀವರೆಗೂ ಇದ್ದೆ," ಎಂದ ಸತ್ಯಪ್ರಕಾಶ.