ನಾಲ್ಕನೇ ಮೂಲೆಯ ಕಾಗದ

ಆ ಗುರುವಾರ ಬೆಳಿಗ್ಗೆ ಎಲ್ಲವೂ ಎಂದಿನಂತೆಯೇ ಇತ್ತು. ಡಿಕಾಕ್ಷನ್ ನಿಧಾನವಾಗಿ ಇಳಿಯುತ್ತಿತ್ತು, ಹಾಲು ಉಕ್ಕುವ ಯೋಚನೆಯಲ್ಲಿತ್ತು, ನಮ್ಮವರು ಕೋರ್ಟಿಗೆ ಹೊರಡುವ ಮುನ್ನ ಕರಿ ಕೋಟಿನ ಗುಂಡಿ ಹುಡುಕುತ್ತಿದ್ದರು. ವ್ಯತ್ಯಾಸ ನನ್ನಲ್ಲಿ ಮಾತ್ರ. ಅಂದು ನಾನು ಒಬ್ಬರ ಮೇಲೆ ಕೋಪಿಸಿಕೊಳ್ಳದೆ ಕೋಪ ತೀರಿಸಿಕೊಳ್ಳಲು ಹೊರಟಿದ್ದೆ.

ಹೊಳೆನರಸೀಪುರದ ನಮ್ಮ ಮಹಿಳಾ ಸಮಾಜದಲ್ಲಿ ಹೊಲಿಗೆ ಹೇಳಿಕೊಡುವವರು ಇಬ್ಬರು, ನಾನು ಮತ್ತು ಸುಶೀಲಮ್ಮ. ಮುಕ್ಕಾಲು ಗಜ ಬಟ್ಟೆಯಲ್ಲಿ ಒಂದು ರವಿಕೆ ತೆಗೆಯುವ ಉಪಾಯ ನಾನು ಕಂಡುಹಿಡಿದಿದ್ದೆ. ಎರಡು ತೋಳನ್ನೂ ಒಂದೇ ದಿಕ್ಕಿಗೆ ಇಟ್ಟು ಕತ್ತರಿಸಿದರೆ ಬಟ್ಟೆ ಸಾಲದು. ಒಂದನ್ನು ತಲೆಕೆಳಗು ಮಾಡಿದರೆ ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಕೂತುಬಿಡುತ್ತದೆ. ಹದಿನೈದು ದಿನ ಹಳೇ ಪೇಪರು ಕತ್ತರಿಸಿ, ಕಂದು ಹಾಳೆಯ ಮೇಲೆ ಅಳತೆ ಸಮೇತ ಬರೆದಿಟ್ಟಿದ್ದೆ. ಹಾಸನದ ಜಿಲ್ಲಾ ಸಭೆಯ ದಿನ ಮಗಳಿಗೆ ಜ್ವರ. ಹಾಳೆ ಸುಶೀಲಮ್ಮನವರ ಕೈಯಲ್ಲಿ ಹೋಯಿತು.

ನಂತರ ಹಾಸನದ ಅಧ್ಯಕ್ಷಿಣಿಯವರಿಂದ ಸಮಾಜಕ್ಕೆ ಒಂದು ಕಾರ್ಡು ಬಂತು. "ಸುಶೀಲಮ್ಮನವರ ರವಿಕೆ ವಿಧಾನವನ್ನು ಅಚ್ಚು ಹಾಕಿಸಿ ಅರಕಲಗೂಡು, ಚನ್ನರಾಯಪಟ್ಟಣಕ್ಕೂ ಕಳಿಸುತ್ತೇವೆ. ಹೃದಯವಿರುವ ಕಡೆ ರಕ್ತ ಸಂಚಾರಕ್ಕಾಗಿ ಎಡತೋಳು ಅರ್ಧ ಇಂಚು ಸಡಿಲವಿರಬೇಕೆಂದು ಅವರು ವಿವರಿಸಿದ್ದು ಎಲ್ಲರ ಮೆಚ್ಚುಗೆ ಪಡೆಯಿತು. ಗುರುವಾರ ಬಂದು ಹೆಸರು ಖಚಿತ ಮಾಡಿಕೊಂಡು ಹೋಗುತ್ತೇನೆ."

ಕಾರ್ಡು ಓದಿ ಕೂತಲ್ಲೇ ಕೂತೆ. ಆ ಅರ್ಧ ಇಂಚಿಗೂ ಹೃದಯಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅಳತೆ ನಮ್ಮ ಪಕ್ಕದ ಮನೆ ಪುಟ್ಟತಾಯಮ್ಮನದು. ಆಕೆ ಎಡ ರಟ್ಟೆಗೆ ದಪ್ಪ ತಾಯಿತ ಕಟ್ಟಿಕೊಳ್ಳುತ್ತಾಳೆ!

ಗುರುವಾರ ಬೆಳಿಗ್ಗೆಗೂ ಸಿಟ್ಟು ಇಳಿದಿರಲಿಲ್ಲ. "ಇವತ್ತು ಮಧ್ಯಾಹ್ನದ ಸಭೇಲಿ ಎದ್ದು ನಿಂತು ಕೇಳಿಬಿಡ್ತೀನಿ" ಅಂದೆ.

"ಕೇಳು. ಅವರು ಅಳ್ತಾರೆ, ನೀನೂ ಅಳ್ತೀಯ, ಊರಿಗೆ ಒಂದು ವಾರ ಕಾಫಿ ಜೊತೆ ಮಾತಾಗುತ್ತೆ" ಅಂದರು ನಮ್ಮವರು. "ಅವರೊಬ್ಬರಿಗೇ ಬರಿ. ಆಗಿದ್ದೇನು, ನಿನ್ನ ಹತ್ತಿರ ಆಧಾರ ಏನು, ಏನಾಗಬೇಕು, ಎಷ್ಟು ಹೊತ್ತಿನೊಳಗೆ. ಇಷ್ಟೇ. ಬೈಗುಳ ಇದ್ದರೆ ಮೊದಲು ಬೇರೆ ಹಾಳೇಲಿ ಬರೆದು ಒಲೆಗೆ ಹಾಕು."

ಬೇರೆ ಹಾಳೆ ಒಂದು ಸಾಲಲಿಲ್ಲ. ಮೂರು ಬೇಕಾಯಿತು. ಬಚ್ಚಲ ಒಲೆಗೆ ಹಾಕಿದೆ. ಆ ದಿನ ನೀರು ಬೇಗ ಕಾಯಿತು.

ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಹೇಳುತ್ತಿದ್ದರು: ಯಾವ ಕಾಗದವನ್ನೂ ಮೂರನೆಯವರು ಓದುತ್ತಾರೆ ಎಂದುಕೊಂಡೇ ಬರೆಯಬೇಕು. ಇನ್ನೂ ಒಂದು ಹೇಳುತ್ತಿದ್ದರು: "ಪೆನ್ಸಿಲ್ಲನ್ನು ಅಷ್ಟು ಒತ್ತಬೇಡ ಮಗು, ನಿನ್ನ ಅಕ್ಷರ ಮೂರು ಹಾಳೆ ಕೆಳಗಿಳಿಯುತ್ತೆ." ಮೊದಲನೆಯದನ್ನು ನೆನಪಿಟ್ಟುಕೊಂಡೆ. ಊಟದ ಮೇಜಿಗೆ ಬಂದು, ಅಲ್ಲಿ ಹರಡಿದ್ದರ ಮೇಲೆಯೇ ಹಾಳೆ ಇಟ್ಟು, ಪೆನ್ಸಿಲ್ಲಿನಲ್ಲಿ ಕರಡು ಬರೆದೆ.

"ಪ್ರಿಯ ಸುಶೀಲಮ್ಮನವರೇ, ಹಾಸನದ ಕಾರ್ಡು ನೋಡಿದೆ. ರವಿಕೆಯ ವಿಧಾನ ನಿಮ್ಮದೆಂದು ಅದರಲ್ಲಿದೆ. ಅದು ನಾನು ಮಾಡಿದ್ದು. ಕತ್ತರಿಸಿದ ಪೇಪರುಗಳು ನನ್ನಲ್ಲಿವೆ. ಎಡತೋಳಿನ ಅರ್ಧ ಇಂಚು ಪುಟ್ಟತಾಯಮ್ಮನ ತಾಯಿತಕ್ಕಾಗಿ ಬಿಟ್ಟದ್ದು. ಇದು ಹೇಗಾಯಿತೋ ನನಗೆ ತಿಳಿಯದು. ನಾನು ತಪ್ಪು ತಿಳಿದಿದ್ದರೆ ದಯವಿಟ್ಟು ಹೇಳಿ. ನನಗೆ ಬೇಸರವಾಗಿರುವುದು ನಿಜ. ಇಂದು ಮಧ್ಯಾಹ್ನ ಅಚ್ಚಿಗೆ ಹೋಗುವ ಮುನ್ನ ಅಧ್ಯಕ್ಷಿಣಿಯವರಿಗೆ ನೀವೇ ತಿಳಿಸಿದರೆ ಸಾಕು. ಸಭೆಯಲ್ಲಿ ಚೆನ್ನಾಗಿ ವಿವರಿಸಿದವರು ನೀವು, ಅದನ್ನೂ ಹಾಕಿಸೋಣ. ಈ ವಿಷಯ ನಮ್ಮಿಬ್ಬರಲ್ಲೇ ಇರಲಿ."

ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದೆ. ಶಾಯಿಯಲ್ಲಿ ಶುದ್ಧಪ್ರತಿ ಮಾಡಿ, ಲಕೋಟೆ ಅಂಟಿಸಿ, ಹತ್ತು ಗಂಟೆಗೆ ಪೇಟೆ ಬೀದಿಗೆ ಹೋಗಿ ಸುಶೀಲಮ್ಮನವರ ಕೈಗೇ ಕೊಟ್ಟೆ.

"ಏನಿದು?" ಅಂದರು.

"ಬಿಡುವಾದಾಗ ಓದಿ. ಒಬ್ಬರೇ ಇದ್ದಾಗ" ಅಂದೆ. ಅವರ ಮುಖ ಸಣ್ಣಗಾಯಿತು. ಬಾಗಿಲ ಬಳಿ ನನ್ನ ಚಪ್ಪಲಿಯನ್ನು ಅವರೇ ಸರಿಯಾಗಿ ತಿರುಗಿಸಿಟ್ಟರು. ಎಂದೂ ಹಾಗೆ ಮಾಡಿದವರಲ್ಲ.

ವಿಜಯೋತ್ಸಾಹದಲ್ಲಿ ಮನೆಗೆ ಬಂದೆ. ಅಧ್ಯಕ್ಷಿಣಿಯವರ ಮೇಜಿಗೆ ಹಾಸಲು ಬಿಳಿ ಬಟ್ಟೆಯ ಮೇಲೆ ನಾಲ್ಕು ನವಿಲು ಹೊಲಿದುಕೊಡುವುದಾಗಿ ಒಪ್ಪಿದ್ದೆ. ಮೂರು ಮುಗಿದಿದ್ದವು. ನಾಲ್ಕನೇ ಮೂಲೆಯಲ್ಲಿ ಚಿತ್ರ ಇಳಿಸಲು ನೀಲಿ ಕಾರ್ಬನ್ನು, ಅದರ ಮೇಲೆ ನವಿಲಿನ ತೆಳುಹಾಳೆ ಹಾಸಿ ಹಿಂದಿನ ದಿನದಿಂದ ಊಟದ ಮೇಜಿನ ಮೇಲೇ ಬಿಟ್ಟಿದ್ದೆ. ಇನ್ನು ಹೊತ್ತಿಲ್ಲ. ಎರಡೂ ಹಾಳೆ ಕಿತ್ತು, ಆತುರದಲ್ಲಿ ನೋಡದೆಯೇ ಬಟ್ಟೆ ಮಡಿಸಿ ಓಡಿದೆ. ಖಾಲಿ ಮೂಲೆಯನ್ನು ಹಿಂದಕ್ಕೆ ಹಾಕಿದರೆ ಯಾರಿಗೂ ಕಾಣದು ಎಂದು ಲೆಕ್ಕ ಹಾಕಿದ್ದೆ.

ಮೇಜಿನ ಹಿಂದೆ ಅಧ್ಯಕ್ಷಿಣಿಯವರು ಕೂರುತ್ತಾರೆ ಎಂಬುದು ಲೆಕ್ಕಕ್ಕೆ ಬರಲಿಲ್ಲ.

ಪ್ರಾರ್ಥನೆ ಮುಗಿಯಿತು. ಅಧ್ಯಕ್ಷಿಣಿಯವರು ಕೂತರು, ಮಡಿಲ ಮೇಲೆ ಬಿದ್ದ ಮೂಲೆಯನ್ನು ನೋಡಿದರು, ಕನ್ನಡಕ ಹಾಕಿಕೊಂಡರು. ಆ ಮೇಲೆ ಮೂಲೆಯನ್ನು ಎತ್ತಿ ಬೆಳಕಿಗೆ ಹಿಡಿದರು. ಇಷ್ಟೊಂದು ಹೊತ್ತು ಖಾಲಿ ಬಟ್ಟೆಯನ್ನು ಯಾರು ನೋಡುತ್ತಾರೆ?

ಆಗ ನನಗೆ ಬೆಳಿಗ್ಗೆ ಎಲ್ಲಿ ಕೂತು ಬರೆದೆ ಎಂಬುದು ನೆನಪಾಯಿತು. ಒತ್ತಿ ಬರೆದ ಕರಡು ಕಾರ್ಬನ್ನಿನಿಂದ ಅಕ್ಷರ ಬಿಡದೆ ಬಟ್ಟೆಗೆ ಇಳಿದಿತ್ತು. ಬಚ್ಚಲ ಒಲೆಗೆ ಹೋದ ಮೂರು ಹಾಳೆಗಳನ್ನು ಎಲ್ಲಿ ಬರೆದಿದ್ದೆ? ಅಡುಗೆಮನೆಯಲ್ಲಿ, ಮಣೆಯ ಮೇಲೆ. ಪುಣ್ಯ.

ಅಷ್ಟರಲ್ಲಿ ಸುಶೀಲಮ್ಮ ಎದ್ದು ನಿಂತಿದ್ದರು. ಯಾರೂ ಕೇಳಿರಲಿಲ್ಲ. ಸೆರಗಿನ ತುದಿ ಸುತ್ತುತ್ತಾ, "ಆ ರವಿಕೆ ಕಟಿಂಗು ನನ್ನದಲ್ಲ. ಇವರದು" ಎಂದು ನನ್ನ ಕಡೆ ಕೈ ತೋರಿಸಿದರು. "ಅವತ್ತು ಯಾರು ಮಾಡಿದ್ದು ಅಂದಾಗ ನಾವೇ ಅಂದೆ. ನೀವು ನನ್ನ ಹೆಸರು ಬರಕೊಂಡ್ರಿ. ಚಪ್ಪಾಳೆ ಬಿತ್ತು. ಆಮೇಲೆ ಬಾಯಿ ಬರಲಿಲ್ಲ. ಹೃದಯದ ಮಾತು ಕೂಡ ಸುಮ್ಮನೆ ಹೇಳಿದ್ದು."

ಅಧ್ಯಕ್ಷಿಣಿಯವರು ಕನ್ನಡಕ ತೆಗೆದರು.

"ನನಗೆ ಈಗ ತಾನೇ ತಿಳಿಯಿತು" ಎಂದರು. "ಇಷ್ಟು ಮರ್ಯಾದೆಯ ಜಗಳ ನಾನು ನೋಡಿಲ್ಲ. ಬರೆದವರೂ ದೊಡ್ಡವರು, ಒಪ್ಪಿಕೊಂಡವರೂ ದೊಡ್ಡವರು. ಒಂದೇ ಸಂದೇಹ. ನಮ್ಮಿಬ್ಬರಲ್ಲೇ ಇರಲಿ ಎನ್ನುವ ಸಾಲಿಗೇ ಎರಡು ಗೆರೆ ಯಾಕೆ?"

ಮುಂದಿನ ಸಾಲಿನವರು ಎದ್ದು ಬಂದು ಓದಿದರು. ಎರಡನೇ ಸಾಲಿನವರು ಸರದಿ ನಿಂತರು. ಸುಶೀಲಮ್ಮನವರು ಮೂಲೆ ನೋಡಿ, ನನ್ನ ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದರು. ಅಳುತ್ತಿದ್ದಾರೆಂದು ಓಡಿಹೋದೆ. ನಗುತ್ತಿದ್ದರು.

ಅಚ್ಚಿನ ಹಾಳೆಗೆ ಹೆಸರು ಖಚಿತವಾಯಿತು: ವಿಧಾನ ನನ್ನದು, ವಿವರಣೆ ಸುಶೀಲಮ್ಮನವರದು, ಹೃದಯ ರದ್ದು. ಚನ್ನರಾಯಪಟ್ಟಣದಲ್ಲಿ ಮೊದಲ ತರಗತಿ ನಾವಿಬ್ಬರೂ ಸೇರಿ ನಡೆಸಬೇಕೆಂದೂ ತೀರ್ಮಾನವಾಯಿತು.

ಸಂಜೆ ಜಗುಲಿಯ ಮೇಲೆ ಕೂತು ಆ ಮೂಲೆಯನ್ನು ಸಾಬೂನಿನಲ್ಲಿ ಉಜ್ಜುತ್ತಿದ್ದೆ. ಎಲ್ಲ ಹೋಯಿತು, ಎರಡು ಗೆರೆ ಹೋಗಲಿಲ್ಲ. ಆದರೂ ಮನಸ್ಸು ಹಗುರವಾಗಿತ್ತು. ಮಾಡಿದವರ ಹೆಸರು ಮಾಡಿದವರಿಗೇ ಸಲ್ಲಬೇಕು, ಕೇಳದೆ ಯಾರದ್ದನ್ನೂ ತೆಗೆದುಕೊಳ್ಳಬಾರದು, ಎಂದು ನಮ್ಮವರಿಗೆ ಗಂಭೀರವಾಗಿ ಉಪದೇಶಿಸುತ್ತಿದ್ದೆ.

ಪುಟ್ಟತಾಯಮ್ಮ ಎಮ್ಮೆಗೆ ಹುಲ್ಲು ಹೊತ್ತುಕೊಂಡು ಹೋಗುತ್ತಿದ್ದವಳು ಒಂದು ಗಳಿಗೆ ನಿಂತಳು. ಸಭೆಯಲ್ಲಿ ಎರಡನೇ ಸಾಲಿನಲ್ಲಿ ಅವಳೂ ಇದ್ದಳು.

"ದಿಟ ಕಣವ್ವ" ಅಂದಳು, ಹೊರೆ ಸರಿಮಾಡಿಕೊಳ್ಳುತ್ತಾ. "ಅಂಗೇ ಆ ಅಚ್ಚಿನ ಆಳೆ ಮೂಲೇಲಿ ನನ್ನ ತೋಳಿನ ಎಸ್ರೂ ಒಸಿ ಆಕುಸ್ಬುಡು. ಅರಕಲಗೂಡಿಗೆಲ್ಲಾ ಓಯ್ತದಂತೆ, ನನ್ನ ಒಂದ್ ಮಾತು ಕೇಳ್ದಂಗೇ."